ದೇವಸ್ಥಾನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಕೇಳುವ ಮೊದಲು

ಕಾಲೇಜು ಹುಡುಗ ಹುಡುಗಿಯರಲ್ಲಿ ಧಾರ್ಮಿಕತೆ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ. ಎಂ.ಎ. ಪ್ರಾಜೆಕ್ಟ್‌ಗೆ ಕೆಲವು, ಪಿಎಚ್.ಡಿ.ಗೆ ಕೆಲವು. ಹೆಚ್ಚಿನವುಗಳಲ್ಲಿ ಪ್ರಶ್ನೆಗಳು ಪರವಾಗಿಲ್ಲ, ತೊಂದರೆ ಇರುವುದು ಕೆಳಗಿನ ಆಯ್ಕೆಗಳಲ್ಲಿ. ಟಿಕ್ ಹಾಕುವ ಆ ಚೌಕಗಳು ಯಾರ ಬದುಕನ್ನು ನೋಡಿ ಬರೆದವು ಎಂಬುದರ ಮೇಲೆ ಇಡೀ ಅಧ್ಯಯನ ನಿಂತಿರುತ್ತದೆ.

ಒಂದು ಉದಾಹರಣೆ ನೋಡಿ. ಕರಡು ಪ್ರಶ್ನಾವಳಿಗಳಲ್ಲಿ ಪದೇ ಪದೇ ಕಾಣುವ ಪ್ರಶ್ನೆ ಇದು: "ನೀವು ದೇವಸ್ಥಾನ/ಮಸೀದಿ/ಚರ್ಚ್‌ಗೆ ಎಷ್ಟು ಸಲ ಹೋಗುತ್ತೀರಿ? ದಿನಾಲೂ, ವಾರಕ್ಕೊಮ್ಮೆ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ." ಮೇಲ್ನೋಟಕ್ಕೆ ಎಲ್ಲ ಧರ್ಮಕ್ಕೂ ಜಾಗ ಕೊಟ್ಟ ಹಾಗಿದೆ, ಅಲ್ವಾ? ಆದರೆ ಇದು ವಾರಕ್ಕೊಮ್ಮೆ ಚರ್ಚಿಗೆ ಹೋಗುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹುಟ್ಟಿದ ಪ್ರಶ್ನೆ. ನಮ್ಮ ಕಡೆ ಬಹಳಷ್ಟು ಮುಸ್ಲಿಂ ಹುಡುಗಿಯರು ನಮಾಜು ಮಾಡುವುದು ಮನೆಯಲ್ಲೇ. ಲಿಂಗಾಯತ ಹುಡುಗನೊಬ್ಬ ಹಾಸ್ಟೆಲ್ ಕೋಣೆಯಲ್ಲಿ ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡುತ್ತಾನೆ, ಗುಡಿಗೆ ಹೋಗುವ ಅಗತ್ಯ ಅವನಿಗೆ ಕಾಣುವುದಿಲ್ಲ. ತುಳುನಾಡಿನ ಹುಡುಗಿಗೆ ಮುಖ್ಯವಾದದ್ದು ಊರಿನ ದೈವದ ಕೋಲ, ಅದು ವರ್ಷಕ್ಕೊಮ್ಮೆ ಬರುತ್ತದೆ. ಇವರೆಲ್ಲ "ಅಪರೂಪಕ್ಕೆ" ಅಥವಾ "ಇಲ್ಲವೇ ಇಲ್ಲ" ಎಂಬಲ್ಲಿ ಟಿಕ್ ಹಾಕುತ್ತಾರೆ. ಇತ್ತ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಗೆಳೆಯರ ಜೊತೆ ಗುಡಿಗೆ ಹೊಕ್ಕು ಬರುವವನು "ದಿನಾಲೂ" ಎಂದು ಗುರುತು ಹಾಕುತ್ತಾನೆ.

ಇದರಿಂದ ಲೆಕ್ಕ ಎಷ್ಟು ವ್ಯತ್ಯಾಸವಾಗುತ್ತದೆ? ಸ್ಟೆಫಾನ್ ಹ್ಯೂಬರ್ ರೂಪಿಸಿದ ಒಂದು ಮಾಪಕವಿದೆ, ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಚಿಕ್ಕ ರೂಪದಲ್ಲಿ ಐದೇ ಪ್ರಶ್ನೆ: ಧರ್ಮದ ವಿಷಯ ಎಷ್ಟು ಯೋಚಿಸುತ್ತೀರಿ, ದೇವರು ಅಥವಾ ದೈವಿಕವಾದದ್ದು ಇದೆ ಎಂದು ಎಷ್ಟು ನಂಬುತ್ತೀರಿ, ಸಾಮೂಹಿಕ ಆರಾಧನೆಗೆ ಎಷ್ಟು ಸಲ ಹೋಗುತ್ತೀರಿ, ಒಬ್ಬರೇ ಎಷ್ಟು ಸಲ ಪ್ರಾರ್ಥಿಸುತ್ತೀರಿ, ದೇವರು ನಿಮ್ಮ ಬದುಕಿನಲ್ಲಿ ಕೈ ಹಾಕಿದ ಅನುಭವ ಎಷ್ಟು ಸಲ ಆಗುತ್ತದೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ, ಕೊನೆಗೆ ಸರಾಸರಿ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ "ತುಂಬಾ ಧಾರ್ಮಿಕ", 2ರವರೆಗೆ ಬಂದರೆ "ಧಾರ್ಮಿಕವಲ್ಲ", ನಡುವಿನವರು "ಧಾರ್ಮಿಕ".

ದಿನಕ್ಕೆ ಐದು ಹೊತ್ತು ಮನೆಯಲ್ಲೇ ನಮಾಜು ಮಾಡುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಯೋಚನೆಗೆ 4, ನಂಬಿಕೆಗೆ 5, ಒಂಟಿ ಪ್ರಾರ್ಥನೆಗೆ 5, ಅನುಭವಕ್ಕೆ 4. ಸಾಮೂಹಿಕ ಆರಾಧನೆಯನ್ನು "ಮಸೀದಿಗೆ ಹೋಗುತ್ತೀರಾ" ಎಂದು ಕೇಳಿದರೆ 1. ಒಟ್ಟು 19, ಸರಾಸರಿ 3.8. ಅದೇ ಪ್ರಶ್ನೆಯನ್ನು "ಬೇರೆಯವರ ಜೊತೆ ಸೇರಿ ಪೂಜೆ, ನಮಾಜು, ಭಜನೆ, ಪ್ರಾರ್ಥನೆ, ಧರ್ಮಗ್ರಂಥದ ಓದು, ಎಲ್ಲೇ ಆಗಲಿ" ಎಂದು ಕೇಳಿ. ತಿಂಗಳಿಗೆ ಒಂದೆರಡು ಸಲ ಅಕ್ಕಪಕ್ಕದ ಹೆಂಗಸರ ಜೊತೆ ಕುರಾನ್ ಓದಲು ಕೂರುವುದು ಅವಳಿಗೆ ನೆನಪಾಗುತ್ತದೆ, ಅಂಕ 4 ಆಗುತ್ತದೆ. ಒಟ್ಟು 22, ಸರಾಸರಿ 4.4. ಹುಡುಗಿ ಅದೇ, ಭಕ್ತಿ ಅದೇ, ಗುಂಪು ಮಾತ್ರ ಬದಲಾಯಿತು. ಇಂಥ ಐವತ್ತು ಹುಡುಗಿಯರು ಮಾದರಿಯಲ್ಲಿದ್ದರೆ "ಮುಸ್ಲಿಂ ವಿದ್ಯಾರ್ಥಿನಿಯರಲ್ಲಿ ಧಾರ್ಮಿಕತೆ ಕಡಿಮೆ" ಎಂಬ ತೀರ್ಮಾನ ಪ್ರಬಂಧದಲ್ಲಿ ಅಚ್ಚಾಗುತ್ತದೆ. ಅದು ಶುದ್ಧ ಸುಳ್ಳು. ಯಾವ ಲೆಕ್ಕಾಚಾರದ ಸಾಫ್ಟ್‌ವೇರ್ ಕೂಡ ಅದನ್ನು ಹಿಡಿದು ತೋರಿಸುವುದಿಲ್ಲ.

"ಆಗಾಗ" ಎಂಬುದನ್ನಂತೂ ಇಡಲೇಬೇಡಿ. ಒಬ್ಬಳಿಗೆ ಅದು ವಾರಕ್ಕೆ ಎರಡು ಸಲ, ಇನ್ನೊಬ್ಬನಿಗೆ ವರ್ಷಕ್ಕೆ ನಾಲ್ಕು ಸಲ. "ತಿಂಗಳಿಗೆ 1ರಿಂದ 3 ಸಲ", "ವರ್ಷಕ್ಕೆ ಕೆಲವು ಸಲ" ಎಂದು ಬರೆದರೆ ಮುಗಿಯಿತು. ಆದರೂ ಜನ ಧರ್ಮದ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಹೇಳುತ್ತಾರೆ. ಅಮೆರಿಕದಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಎಂಬ ಮೂವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚರ್ಚಿಗೆ ನಿಜವಾಗಿ ಬಂದವರ ಪ್ರಮಾಣ ಹೋಗುತ್ತೇವೆ ಎಂದು ಹೇಳಿದವರ ಅರ್ಧದಷ್ಟೇ ಇತ್ತು. "ಕಳೆದ ಏಳು ದಿನಗಳಲ್ಲಿ ಇವುಗಳಲ್ಲಿ ಯಾವುದನ್ನು ಮಾಡಿದಿರಿ" ಎಂದು ಕೇಳಿ, ಪಟ್ಟಿಯಲ್ಲಿ ಸಿನಿಮಾ, ಕ್ರಿಕೆಟ್, ಊರಿಗೆ ಹೋಗಿದ್ದು ಎಲ್ಲವನ್ನೂ ಸೇರಿಸಿದರೆ ಈ ಉಬ್ಬರ ಸ್ವಲ್ಪ ಇಳಿಯುತ್ತದೆ. ಹಾಗೆ ಕೇಳುವಾಗ ತಾರೀಖು ನೋಡಿಕೊಳ್ಳಿ. ಶ್ರಾವಣ, ರಂಜಾನ್, ಶಬರಿಮಲೆ ಸೀಸನ್, ಪರೀಕ್ಷೆಯ ವಾರ, ಇವುಗಳಲ್ಲಿ ಕೇಳಿದ ಏಳು ದಿನ ಉಳಿದ ವರ್ಷವನ್ನು ಹೇಳುವುದಿಲ್ಲ.

ಇನ್ನು ಮೊದಲ ಪುಟದ "ಧರ್ಮ" ಎಂಬ ಸಾಲು. ಹಿಂದೂ, ಮುಸ್ಲಿಂ, ಕ್ರೈಸ್ತ, ಇತರೆ ಎಂದು ನಾಲ್ಕು ಚೌಕ ಇಟ್ಟು ಮುಂದೆ ಹೋಗುವವರೇ ಹೆಚ್ಚು. 2011ರ ಜನಗಣತಿಯಲ್ಲಿ ಆರು ಧರ್ಮಗಳ ಆಚೆ "ಇತರೆ" ಎಂದು ಲೆಕ್ಕಕ್ಕೆ ಬಂದವರು 79 ಲಕ್ಷ, ಧರ್ಮ ನಮೂದಾಗದವರು ಸುಮಾರು 29 ಲಕ್ಷ. ಆ ಎರಡನೇ ಗುಂಪಿನಲ್ಲಿ ಧರ್ಮವೇ ಬೇಡ ಎಂದವರು ಯಾರು, ಉತ್ತರ ಕೊಡದವರು ಯಾರು ಎಂದು ಅಂಕಿಯಿಂದ ಬಿಡಿಸಲು ಆಗುವುದಿಲ್ಲ. ನಿಮ್ಮ ಪ್ರಶ್ನಾವಳಿಯಲ್ಲಿ ಈ ಗೊಂದಲ ಬೇಡ. "ಯಾವ ಧರ್ಮವೂ ಇಲ್ಲ" ಒಂದು ಚೌಕ, "ಹೇಳಲು ಇಷ್ಟವಿಲ್ಲ" ಇನ್ನೊಂದು ಚೌಕ.

ನನ್ನ ಸಲಹೆ ಇಷ್ಟು: ಎರಡು ಪ್ರಶ್ನೆ ಕೇಳಿ. ನೀವು ಬೆಳೆದ ಮನೆಯ ಧರ್ಮ ಯಾವುದು, ಈಗ ನಿಮ್ಮನ್ನು ನೀವು ಏನೆಂದು ಹೇಳಿಕೊಳ್ಳುತ್ತೀರಿ. ಎರಡನೆಯದಕ್ಕೆ ಖಾಲಿ ಗೆರೆ ಬಿಡಿ. ಹತ್ತೊಂಬತ್ತರ ವಯಸ್ಸಿನಲ್ಲಿ ಈ ಎರಡರ ನಡುವಿನ ಅಂತರವೇ ಬಹುಶಃ ನಿಮ್ಮ ಅಧ್ಯಯನದ ಅತ್ಯಂತ ಬೆಲೆಬಾಳುವ ಮಾಹಿತಿ. ಲಿಂಗಾಯತವನ್ನು ಹಿಂದೂ ಒಳಗೆ ಎಣಿಸಬೇಕೋ ಬೇರೆ ಎಣಿಸಬೇಕೋ ಎಂಬ ವಾದವನ್ನೂ ನೀವು ಚೌಕ ಬರೆಯುವಾಗಲೇ ತೀರ್ಮಾನಿಸಬೇಕಾಗಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಶಿಫಾರಸು ಮಾಡಿದಾಗ ಸಮುದಾಯದೊಳಗೇ ಎರಡೂ ಅಭಿಪ್ರಾಯಗಳಿದ್ದವು. ಅವರು ಬರೆದದ್ದನ್ನು ಹಾಗೇ ಇಟ್ಟುಕೊಳ್ಳಿ. ಆಮೇಲೆ ಗುಂಪು ಮಾಡಿದರೆ, ಹೇಗೆ ಮಾಡಿದಿರಿ ಎಂದು ಪ್ರಬಂಧದಲ್ಲಿ ಬರೆಯಿರಿ.

ಧರ್ಮ ಯಾವುದು ಎಂಬುದು ಬೇರೆ, ಧಾರ್ಮಿಕತೆ ಎಷ್ಟು ಎಂಬುದು ಬೇರೆ. ನಂಬಿಕೆಯ ಪ್ರಶ್ನೆಯಲ್ಲಿ ಈ ಎರಡು ಬೆರೆತುಹೋಗುತ್ತವೆ. "ಜಗತ್ತನ್ನು ದೇವರು ಸೃಷ್ಟಿಸಿದ್ದಾನೆ" ಎಂಬ ಹೇಳಿಕೆಗೆ ತನ್ನ ಧರ್ಮ ತಿಳಿದ ಜೈನ ವಿದ್ಯಾರ್ಥಿ "ಇಲ್ಲ" ಎನ್ನುತ್ತಾನೆ, ಏಕೆಂದರೆ ಜೈನ ದರ್ಶನ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಉಪವಾಸ ಮಾಡಿ, ಬಸದಿಗೆ ಹೋಗಿ ಬಂದವನು ನಿಮ್ಮ ಲೆಕ್ಕದಲ್ಲಿ ನಾಸ್ತಿಕನಾಗುತ್ತಾನೆ! ಹ್ಯೂಬರ್ ಮಾಪಕದ ಅಂತರ್‌ಧರ್ಮೀಯ ರೂಪದಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ: ಪ್ರಾರ್ಥನೆಯನ್ನೂ ಧ್ಯಾನವನ್ನೂ ಬೇರೆ ಬೇರೆ ಕೇಳಿ, ಎರಡರಲ್ಲಿ ಹೆಚ್ಚು ಅಂಕ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗುಡಿ, ಮನೆ, ದೈವಸ್ಥಾನ ಎಂಬ ನಮ್ಮ ವ್ಯತ್ಯಾಸಕ್ಕೂ ಇದೇ ಉಪಾಯ ಹೊಂದುತ್ತದೆ. ಆದರೆ ಹೀಗೆ ಬದಲಿಸಿದ ಮೇಲೆ ನಿಮ್ಮ ಅಂಕವನ್ನು ಬೇರೆ ದೇಶದ ಅಂಕದ ಪಕ್ಕ ಇಟ್ಟು ಹೋಲಿಸಬಾರದು.

ಇನ್ನೂರು ಪ್ರತಿ ಜೆರಾಕ್ಸ್ ಮಾಡಿಸುವ ಮೊದಲು ಎಂಟು ಹತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ. ಉತ್ತರ ಕೇಳಿ, ಆಮೇಲೆ "ಇದನ್ನು ಹೇಗೆ ಲೆಕ್ಕ ಹಾಕಿದೆ?" ಎಂದು ಕೇಳಿ. ಒಬ್ಬಳು "ವಾರಕ್ಕೊಮ್ಮೆ" ಎಂದು ಬರೆದಿದ್ದಳು. ಕೇಳಿದರೆ, "ಊರಲ್ಲಿದ್ದಾಗ ಅಮ್ಮ ಶುಕ್ರವಾರ ಕರ್ಕೊಂಡು ಹೋಗ್ತಾರೆ ಸರ್, ಹಾಸ್ಟೆಲ್‌ನಲ್ಲಿ ಇದ್ದಾಗ ಹೋಗಲ್ಲ" ಎಂದಳು. ವರ್ಷದ ಒಂಬತ್ತು ತಿಂಗಳು ಅವಳು ಇರುವುದೇ ಹಾಸ್ಟೆಲ್‌ನಲ್ಲಿ. ಅಲ್ಲಿಂದ ಆ ಪ್ರಶ್ನೆ "ಮನೆಯಲ್ಲಿದ್ದಾಗ" ಮತ್ತು "ಕಾಲೇಜಿನ ಊರಿನಲ್ಲಿದ್ದಾಗ" ಎಂದು ಎರಡಾಯಿತು.

ಫಾರ್ಮ್ ತುಂಬಿಸುವಾಗ ಪಾಠ ಮಾಡುವ ಮೇಷ್ಟ್ರು ಕ್ಲಾಸಿನಲ್ಲಿ ಇರಬಾರದು, ಪಕ್ಕದ ಬೆಂಚಿನ ಗೆಳತಿ ಇಣುಕುವಂತೆಯೂ ಇರಬಾರದು. ಹೆಸರು, ರೋಲ್ ನಂಬರ್ ಬೇಡ. ಅಷ್ಟು ಸಾಲದು: ಬಿ.ಎಸ್ಸಿ. ಎರಡನೇ ವರ್ಷ, ಹುಡುಗಿ, ಜೈನ ಎಂದು ಕೋಷ್ಟಕದಲ್ಲಿ ಒಂದೇ ಒಂದು ಸಂಖ್ಯೆ ಇದ್ದರೆ ಅದು ಯಾರೆಂದು ಇಡೀ ಕಾಲೇಜಿಗೆ ಗೊತ್ತಾಗುತ್ತದೆ. ಐವರಿಗಿಂತ ಕಡಿಮೆ ಜನ ಇರುವ ಯಾವ ಚೌಕವನ್ನೂ ಅಚ್ಚು ಹಾಕಬೇಡಿ.