'ಹೌದು, ಆದರೆ…' ಏಕೆ ಬರುತ್ತದೆ?

ಅಕ್ಕ ಕೆಲಸದಿಂದ ಬಂದವಳೇ ಶುರುಮಾಡುತ್ತಾಳೆ: "ಮೂರು ದಿನ ಕೂತು ಮಾಡಿದ ವರದಿ ಕಣೋ. ಮೀಟಿಂಗ್‌ನಲ್ಲಿ ಮ್ಯಾನೇಜರ್ ನನ್ನ ಹೆಸರೇ ಎತ್ತಲಿಲ್ಲ."

"ಮೇಲಿನವರಿಗೆ ಒಂದು ಈಮೇಲ್ ಹಾಕು," ಎನ್ನುತ್ತಾನೆ ತಮ್ಮ.

"ಹಾಕಬಹುದು, ಆದರೆ ಅವರೂ ಅವನ ಕಡೆಯೇ."

"ಮುಂದಿನ ಸಲ ನೀನೇ ಮಂಡಿಸು."

"ಹೌದು, ಆದರೆ ಅದು ನನ್ನ ಕೈಲಿದೆಯಾ?"

ಇವಳಿಗೆ ಪರಿಹಾರ ಬೇಡ, ಗೋಳಾಟವೇ ಇಷ್ಟ ಎಂದು ತಮ್ಮ ತೀರ್ಮಾನಿಸುತ್ತಾನೆ. ನನಗೆ ಸಿಟ್ಟು ಬರುವುದು ಈ ತೀರ್ಮಾನದ ಮೇಲೆ.

ಗೇಲ್ ಜೆಫರ್ಸನ್ ಎಂಬ ಸಂಶೋಧಕಿ ಜನರ ಮಾತುಕತೆಯನ್ನು ಉಸಿರು, ತೊದಲು, ಸೆಕೆಂಡಿನ ಹತ್ತನೇ ಒಂದರಷ್ಟು ಮೌನ ಸಮೇತ ಬರೆದಿಡುವ ಪದ್ಧತಿಯನ್ನೇ ರೂಪಿಸಿದವರು. ಅವರೂ ಜಾನ್ ಲೀ ಅವರೂ 1981ರಲ್ಲಿ ಈ 'ಹೌದು, ಆದರೆ'ಯ ಬೆನ್ನು ಹತ್ತಿದರು. ಸಲಹೆ ತಿರಸ್ಕೃತವಾಗುವುದಕ್ಕೆ ಅದು ಕೆಟ್ಟದ್ದೇ ಆಗಿರಬೇಕಿಲ್ಲ, ಬಂದ ಜಾಗ ತಪ್ಪಿದರೂ ಸಾಕು. ಕಷ್ಟ ಹೇಳಿಕೊಳ್ಳುವವರ ಎದುರು ಇರಬೇಕಾದದ್ದು ಕೇಳುಗ. ಸಲಹೆ ಬಂದ ಕ್ಷಣ ಅಲ್ಲಿ ತಜ್ಞ ಬಂದು ಕೂರುತ್ತಾನೆ. ಗಮನ ಅಕ್ಕನಿಂದ ಜಾರಿ ಈಮೇಲಿಗೆ ಹೋಗುತ್ತದೆ. ಅವಳು ನಿರಾಕರಿಸುವುದು ಈಮೇಲನ್ನಲ್ಲ, ಈ ಪಾತ್ರ ಬದಲಾವಣೆಯನ್ನು.

ಹಾಗಾದರೆ ಸುಮ್ಮನೆ ಕೂತರಾಯಿತೇ? ಅದೂ ಸಾಲದು. ಕೇಳುವುದೆಂದರೆ ಪಾತ್ರೆಗೆ ನೀರು ತುಂಬಿಸಿಕೊಂಡಂತಲ್ಲ. ಹಾಡಿಗೆ ತಬಲಾ ಸಾಥ್ ಕೊಟ್ಟಂತೆ, ಜೋಕಾಲಿಯನ್ನು ಹದ ನೋಡಿ ತಳ್ಳಿದಂತೆ. ಕೆನಡಾದ ಮನೋವಿಜ್ಞಾನಿ ಜಾನೆಟ್ ಬಾವೆಲಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಘಟನೆ ಹೇಳಬೇಕು. ಕೆಲವು ಕೇಳುಗರಿಗೆ ಗುಟ್ಟಾಗಿ ಒಂದು ಕೆಲಸ: ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವುದು. ಪದ ಎಣಿಸಬೇಕಾದರೆ ಕಿವಿ ಚೆನ್ನಾಗಿಯೇ ತೆರೆದಿರಬೇಕಲ್ಲವೇ? ಆದರೂ ಕಥೆಗೆ ತಕ್ಕ "ಅಯ್ಯೋ!", ಮುಖ ಕಿವುಚುವಿಕೆ ಇವರಿಂದ ಬಂದದ್ದು ತೀರಾ ಕಡಿಮೆ. ಇದರಿಂದ ಹಾಳಾದದ್ದು ಹೇಳುವವರ ಕಥೆ! ಅದರಲ್ಲೂ ರೋಚಕವಾಗಬೇಕಿದ್ದ ಕೊನೆಯಲ್ಲೇ ಅವರು ತಡವರಿಸಿದರು, ಹೇಳಿದ್ದನ್ನೇ ಸುತ್ತಿದರು.

ಅಂದಮೇಲೆ ತಮ್ಮ ಮೊದಲು ಹೇಳಬೇಕಿದ್ದದ್ದು, "ಹೆಸರೂ ಎತ್ತಲಿಲ್ವಾ? ಮೂರು ದಿನದ ಕೆಲಸ!" ಅಷ್ಟೇ. ಕಥೆ ಮುಗಿದು, "ಹೋಗಲಿ ಬಿಡು" ಎಂದು ಅವಳೇ ಬೇರೆ ವಿಷಯ ಎತ್ತಿದರೆ ಸಲಹೆಗೆ ಕೆಲಸವಿಲ್ಲ. "ನೀನಾಗಿದ್ದರೆ ಏನು ಮಾಡ್ತಿದ್ದೆ?" ಎಂದರೆ, ಅದೇ ಈಮೇಲಿನ ಮಾತು ಈಗ ನಡೆಯುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಒಂದೇ ಸಂಕಟವನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಕೆದಕುವ ಗೆಳೆತನಗಳನ್ನು ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಶಾಲಾ ವಯಸ್ಸಿನವರಲ್ಲಿ ಗಮನಿಸಿದರು: ಅಲ್ಲಿ ಆಪ್ತತೆ ಹೆಚ್ಚು, ಜೊತೆಗೆ ಆತಂಕ, ಖಿನ್ನತೆಯ ಲಕ್ಷಣಗಳೂ ಹೆಚ್ಚು. ಅದೇ ವರದಿಯ ಕಥೆ ಹತ್ತನೇ ಸಂಜೆಯೂ ಅದೇ ಪದಗಳಲ್ಲಿ ಬಂದರೆ, "ಅಕ್ಕಾ, ಇದಕ್ಕೇನಾದರೂ ಮಾಡೋಣವಾ, ಸುಮ್ಮನೆ ಕೇಳಲಾ?" ಎಂದು ತಮ್ಮನೇ ಕೇಳಬಹುದು.