ಕೆಲಸ ಕೊಡಿ ಅನ್ನದೆ ಖಾಲಿ ಹುದ್ದೆಯ ಸುಳಿವು ಹಿಡಿಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದೇನೆ. 4 ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್. ವಿಮಾನದ ಬಿಡಿಭಾಗ ಮಾಡುವ ಕಂಪನಿಗೆ ಹೋಗುವ ಆಸೆ. ಅಲ್ಲಿ ಎಷ್ಟೋ ಹುದ್ದೆಗಳು ಜಾಹೀರಾತಿಗೇ ಬರುವುದಿಲ್ಲವಂತೆ. ಮುಖ ನೋಡದ ಸೀನಿಯರ್‌ಗಳಿಗೆ ‘ಓಪನಿಂಗ್ ಇದ್ದರೆ ಹೇಳಿ ಸರ್’ ಎನ್ನಲು ಮುಜುಗರ. ಏನು ಮಾಡಲಿ?

ಉತ್ತರ: ಹಾಗೆ ಕೇಳದಿರುವುದೇ ಒಳ್ಳೆಯದು. ಕೇಳಿದರೆ ‘ಸದ್ಯಕ್ಕೆ ಇಲ್ಲ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಆ ಉತ್ತರ ಸುಳ್ಳೂ ಅಲ್ಲ. ಹುದ್ದೆಗೆ ಮಂಜೂರಾತಿ ಸಿಗುವ ತನಕ ಅದು ಕಾಗದದ ಮೇಲೆ ಇರುವುದೇ ಇಲ್ಲ. ಆದರೆ ಮೈಮೇಲೆ ಬಿದ್ದ ಕೆಲಸ ಅದಕ್ಕಿಂತ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ಹುದ್ದೆಯ ಬಗ್ಗೆ ಅಲ್ಲ, ಕೆಲಸದ ಬಗ್ಗೆ ಕೇಳಿ.

ನಿಮ್ಮ ಕ್ಷೇತ್ರದಲ್ಲೇ ನೋಡಿ. ವಿಮಾನದ ಬಿಡಿಭಾಗಕ್ಕೆ ಹೊಸ ಆರ್ಡರ್ ಬಂದರೆ ಮೊದಲು ತಯಾರಾದ ಪೀಸಿನ ಪ್ರತಿಯೊಂದು ಅಳತೆಯನ್ನೂ ಡ್ರಾಯಿಂಗ್ ಜೊತೆ ತಾಳೆ ನೋಡಿ ದಾಖಲಿಸಬೇಕು. ಇದೇ ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್. ಒಂದೇ ಸಲಕ್ಕೆ ಹತ್ತಾರು ಹೊಸ ಪಾರ್ಟ್ ಬಂದರೆ ಕ್ವಾಲಿಟಿಯವರು ರಾತ್ರಿ ತನಕ ಕೂರುತ್ತಾರೆ. ಆಮೇಲೆ ಮ್ಯಾನೇಜರ್ ಇನ್ನೊಬ್ಬರು ಬೇಕು ಅನ್ನುತ್ತಾರೆ, ಫೈಲ್ ಮೇಲಕ್ಕೆ ಹೋಗುತ್ತದೆ. ಅಷ್ಟರಲ್ಲಿ ತಂಡದ ಯಾರಾದರೂ ಒಂದು ಹೆಸರು ಹೇಳಿಬಿಟ್ಟರೆ ಪೋರ್ಟಲ್‌ನಲ್ಲಿ ಹಾಕುವ ಪ್ರಮೇಯವೇ ಬರದೆ ಹೋಗಬಹುದು. ಆ ನೆನಪಾಗುವ ಹೆಸರು ನಿಮ್ಮದಾಗಬೇಕು.

ಮೊದಲು ಜನ ಹುಡುಕಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ Alumni ಎಂಬ ವಿಭಾಗವಿದೆ. ಊರು, ಕಂಪನಿ, ಕೆಲಸದ ಬಗೆ ಆರಿಸಿದರೆ ಪಟ್ಟಿ ಚಿಕ್ಕದಾಗುತ್ತದೆ. ನಿಮಗಿಂತ ಮೂರರಿಂದ ಎಂಟು ವರ್ಷ ಹಿರಿಯರನ್ನು ನೋಡಿ. ತೀರಾ ಮೇಲಿನವರಿಗೆ ಶಾಪ್‌ಫ್ಲೋರಿನ ಒತ್ತಡ ಅಷ್ಟಾಗಿ ಕಾಣುವುದಿಲ್ಲ. ಹತ್ತಿರದ ಗೆಳೆಯರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ತೋರಿಸಿದ್ದರು: ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಅಪರೂಪಕ್ಕೆ ಸಿಗುವ ಪರಿಚಯದವರಿಂದ.

ಇನ್ನೊಂದು ದಾರಿಯನ್ನು ಜನ ಮರೆಯುತ್ತಾರೆ. ನಿಮ್ಮ ಕಾರ್ಖಾನೆಗೆ ಬರುವ ಕ್ಯಾಲಿಬ್ರೇಷನ್ ಲ್ಯಾಬಿನವರು, ಅಳತೆ ನೋಡುವ ಸಿಎಂಎಂ ಯಂತ್ರದ ಸರ್ವಿಸ್ ಎಂಜಿನಿಯರ್, ಕಟಿಂಗ್ ಟೂಲ್ ಮಾರುವವರು ಹತ್ತಾರು ಕಾರ್ಖಾನೆ ಸುತ್ತುತ್ತಾರೆ. ಯಾವ ಕಡೆ ಕೆಲಸ ಏರುತ್ತಿದೆ ಎಂಬುದರ ಗಾಳಿ ಅವರಿಗೆ ಬೇಗ ತಾಗುತ್ತದೆ. ಗಿರಾಕಿಗಳ ಗುಟ್ಟು ಮಾತ್ರ ಕೆದಕಬೇಡಿ.

ಸೀನಿಯರ್‌ಗೆ ಬರೆಯುವ ಸಂದೇಶ ಇಷ್ಟಿದ್ದರೆ ಸಾಕು: ‘ನಮಸ್ಕಾರ ಸರ್, ನಾನು ನಮ್ಮ ಕಾಲೇಜಿನ ಮೆಕ್ಯಾನಿಕಲ್, 2021ರ ಬ್ಯಾಚ್. ಆಟೊ ಬಿಡಿಭಾಗದ ಕ್ವಾಲಿಟಿಯಲ್ಲಿದ್ದೇನೆ. ಮುಂದೆ ಏರೋಸ್ಪೇಸ್ ಕಡೆ ಬರುವ ಯೋಚನೆ ಇದೆ. ಅಲ್ಲಿನ ಇನ್‌ಸ್ಪೆಕ್ಷನ್ ಹೇಗೆ ಬೇರೆ ಅಂತ ತಿಳಿಯಬೇಕಿತ್ತು. ಹದಿನೈದು ನಿಮಿಷ ಫೋನಿನಲ್ಲಿ ಸಿಗುತ್ತೀರಾ?’ ರೆಸ್ಯೂಮೆ ಲಗತ್ತಿಸಬೇಡಿ. ಲಗತ್ತಿಸಿದರೆ ಅದೂ ಕೆಲಸ ಕೇಳಿದಂತೆಯೇ ಅಲ್ವಾ? ಬೇರೆ ಕಡೆ ಹೋಗುವ ಯೋಚನೆಯನ್ನು ಮಾತ್ರ ಮುಚ್ಚಿಡಬೇಡಿ. ಸುಮ್ನೆ ಕುತೂಹಲ ಎಂದು ನಟಿಸಿದರೆ ಎರಡೇ ಮಾತಿಗೆ ಗೊತ್ತಾಗುತ್ತದೆ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಫೋನಿನಲ್ಲಿ ಕೇಳಬೇಕಾದದ್ದು: ಹೊಸ ಪಾರ್ಟ್‌ಗಳು ಜಾಸ್ತಿ ಬರುತ್ತಿವೆಯಾ? ಫಸ್ಟ್ ಆರ್ಟಿಕಲ್ ವರದಿ ಯಾರು ಮಾಡುತ್ತಾರೆ? ಹೊಸದಾಗಿ ಸೇರಿದವರು ಎಲ್ಲಿ ಎಡವುತ್ತಾರೆ? ‘ಇಬ್ಬರೇ ಇದ್ದೀವಿ, ಒಬ್ಬರು ನೋಟಿಸ್ ಪೀರಿಯಡ್‌ನಲ್ಲಿದ್ದಾರೆ’, ‘ಎರಡನೇ ಶಿಫ್ಟ್ ಶುರು ಮಾಡುತ್ತಾರಂತೆ’ ಎಂಬಂಥ ಮಾತು ಬಂದರೆ ಅಲ್ಲೇ ಇದೆ ಹುದ್ದೆ. ಆಗಲೂ ಮೇಲೆ ಬೀಳಬೇಡಿ. ಬರೀ ಉಪದೇಶವೇ ಸಿಕ್ಕರೆ ನಿಮ್ಮ ಪ್ರಶ್ನೆ ತೀರಾ ಸಾಮಾನ್ಯವಾಗಿತ್ತು ಅಂತ ಅರ್ಥ.

ಅವರು ಡ್ರಾಯಿಂಗಿನಲ್ಲಿ ಪ್ರತಿ ಅಳತೆಗೂ ಬಲೂನ್ ಹಾಕಿ ನಂಬರ್ ಕೊಡುವುದನ್ನು ಕಲಿಯಲು ಹೇಳಿದರು ಅನ್ನಿ. ನೀವೇ ಬರೆದ ಒಂದು ಡ್ರಾಯಿಂಗಿನ ಮೇಲೆ ಮಾಡಿ (ಈಗಿನ ಕಂಪನಿಯ ಡ್ರಾಯಿಂಗ್ ಹೊರಗೆ ಕಳಿಸಬೇಡಿ). ಎರಡು ಮೂರು ವಾರ ಬಿಟ್ಟು ಅದನ್ನು ಕಳಿಸಿ, ನಿಜವಾಗಿಯೂ ಬಂದ ಒಂದು ಸಂಶಯ ಕೇಳಿ. ತಂಡಕ್ಕೆ ಜನ ಬೇಕಿದ್ದರೆ ‘ನೀವು ಯಾವಾಗ ಬರಬಹುದು?’ ಎಂಬ ಪ್ರಶ್ನೆ ಆ ಕಡೆಯಿಂದಲೇ ಬರಬಹುದು. ಆಗ ನೋಟಿಸ್ ಎಷ್ಟು ದಿನ, ಸಂಬಳ ಎಷ್ಟು ಎಂಬುದನ್ನು ನೇರವಾಗಿ ಹೇಳಿ.

ಆ ಹೊತ್ತಿಗೆ ಅದೇ ಕಂಪನಿಗೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೆ ಅದನ್ನೂ ಹೇಳಿಬಿಡಿ. ಅರ್ಜಿ ಮೊದಲೇ ದಾಖಲಾಗಿದ್ದರೆ ಕೆಲವು ತಿಂಗಳ ತನಕ ಉದ್ಯೋಗಿಯ ರೆಫರಲ್ ಲೆಕ್ಕಕ್ಕೆ ಬಾರದು ಎಂಬ ನಿಯಮ ಎಷ್ಟೋ ಕಂಪನಿಗಳಲ್ಲಿದೆ. ಇನ್ನು ಎಚ್‌ಎಎಲ್‌ನಂಥ ಸರ್ಕಾರಿ ಕಂಪನಿಗಳಿಗೆ ಈ ದಾರಿ ನಡೆಯದು. ಅಲ್ಲಿ ಅಧಿಸೂಚನೆ ಬರಬೇಕು, ಅರ್ಜಿ ಹಾಕಬೇಕು. ‘ಒಳಗೆ ಜನ ಇದ್ದಾರೆ, ಮಾಡಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವವರ ನಂಬರನ್ನು ಬ್ಲಾಕ್ ಮಾಡಿ.