ಚಂದ್ರ ಹತ್ತಿರ, ಮೇಜಿನ ತುದಿ ದೂರ

ಚಂದ್ರನ ಕತ್ತಲ ಅಂಚು ನಕ್ಷತ್ರವೊಂದನ್ನು ಮರೆಮಾಡುವಾಗ ಆ ನಕ್ಷತ್ರ ದೀಪ ಆರಿದಂತೆ ಒಮ್ಮೆಗೇ ಮಾಯವಾಗುವುದಿಲ್ಲ. ವೇಗವಾಗಿ ದಾಖಲಿಸುವ ಉಪಕರಣ ಇಟ್ಟು ನೋಡಿದರೆ, ಮಾಯವಾಗುವ ಮುಂಚೆ ಅದರ ಬೆಳಕು ಸೆಕೆಂಡಿನ ಕೆಲವು ನೂರನೇ ಭಾಗಗಳಷ್ಟು ಕಾಲ ಏರಿಳಿಯುತ್ತದೆ. ಚಂದ್ರನ ಅಂಚು ನೆಲದ ಮೇಲೆ ಎಳೆದ ವಿವರ್ತನೆಯ ಪಟ್ಟೆಗಳು ದೂರದರ್ಶಕದ ಮೇಲೆ ಹಾದುಹೋದದ್ದರ ಗುರುತು ಅದು. ಪಟ್ಟೆಗಳ ಅಗಲ ಹತ್ತಾರು ಮೀಟರ್. ಈಗ ಪ್ರಶ್ನೆ: ಈ ಪಟ್ಟೆಗಳನ್ನು ಲೆಕ್ಕ ಹಾಕಲು ಬೇಕಾದದ್ದು ಸಮೀಪ ಕ್ಷೇತ್ರದ ವಿಧಾನವೋ, ದೂರ ಕ್ಷೇತ್ರದ್ದೋ?

ಚಂದ್ರ ಇರುವುದು 3,84,000 ಕಿಲೋಮೀಟರ್ ಆಚೆ. ಆದರೂ ಉತ್ತರ ಸಮೀಪ ಕ್ಷೇತ್ರ. ಅದೇ 0.1 ಮಿಲಿಮೀಟರ್ ಅಗಲದ ಸೀಳಿನ ಮೇಲೆ ಕೆಂಪು ಲೇಸರ್ ಬಿಟ್ಟರೆ ಮೇಜಿನ ಇನ್ನೊಂದು ತುದಿ ಆಗಲೇ ದೂರ ಕ್ಷೇತ್ರ. ‘ಪರದೆ ದೂರ ಇದ್ದರೆ ಫ್ರೌನ್‌ಹೋಫರ್, ಹತ್ತಿರ ಇದ್ದರೆ ಫ್ರೆನೆಲ್’ ಎಂದು ತರಗತಿಯಲ್ಲಿ ಬರೆಸುವ ಒಂದು ಸಾಲಿನ ಟಿಪ್ಪಣಿ ಇದಕ್ಕೇ ಕೆಲಸಕ್ಕೆ ಬಾರದು. ಯಾವುದಕ್ಕೆ ಹೋಲಿಸಿದರೆ ದೂರ ಎಂಬುದನ್ನು ಅದು ಹೇಳುವುದೇ ಇಲ್ಲ. (ಅಂದಹಾಗೆ, ನಮ್ಮಲ್ಲಿ ಎಲ್ಲರೂ ‘ಫ್ರೆಸ್ನೆಲ್’ ಎನ್ನುತ್ತಾರೆ. ಫ್ರೆಂಚರು ಆ ‘ಸ್’ ಅನ್ನು ಉಚ್ಚರಿಸುವುದಿಲ್ಲ.)

ಹೋಲಿಕೆಗೆ ಬೇಕಾದ ಅಳತೆ ಇದು:

N = a² / (λL)

ಇಲ್ಲಿ a ರಂಧ್ರದ ತ್ರಿಜ್ಯ, ಅಥವಾ ಸೀಳಾದರೆ ಅದರ ಅರ್ಧ ಅಗಲ. λ ಬೆಳಕಿನ ತರಂಗದೂರ, L ಪರದೆಗಿರುವ ದೂರ. ಈ N ಫ್ರೆನೆಲ್ ಸಂಖ್ಯೆ. ಇದಕ್ಕೆ ಏಕಮಾನವಿಲ್ಲ, ಏಕೆಂದರೆ ಇದು ಒಂದು ಎಣಿಕೆ. ಏನನ್ನು ಎಣಿಸುತ್ತದೆ ಎಂದು ತಿಳಿದರೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳದು.

ಪರದೆಯ ನಡುಬಿಂದುವಿನಲ್ಲಿ ಕುಳಿತು ರಂಧ್ರದತ್ತ ನೋಡುತ್ತಿದ್ದೀರಿ ಎಂದುಕೊಳ್ಳಿ. ರಂಧ್ರದ ಮಧ್ಯದಿಂದ ಬರುವ ಬೆಳಕಿಗಿಂತ ಅಂಚಿನಿಂದ ಬರುವ ಬೆಳಕು ತುಸು ಹೆಚ್ಚು ದೂರ ಕ್ರಮಿಸಬೇಕು. ಪೈಥಾಗೊರಸ್ ಪ್ರಮೇಯ ಹಾಕಿದರೆ ಆ ಹೆಚ್ಚುವರಿ ದೂರ ಸುಮಾರು a²/2L. ಅದರಲ್ಲಿ ಎಷ್ಟು ಅರ್ಧ ತರಂಗದೂರಗಳಿವೆ ಎಂದು ಎಣಿಸಿದರೆ ಸಿಗುವುದೇ N. ಮೊದಲ ಅರ್ಧ ತರಂಗದೂರದೊಳಗೆ ಬರುವ ನಡುವಿನ ವೃತ್ತ ಒಂದನೇ ವಲಯ, ಅದರ ಸುತ್ತಲಿನ ಬಳೆ ಎರಡನೆಯದು, ಹೀಗೆ. ಒಂದು ವಲಯದ ಅಲೆಗಳು ಏರಿನಲ್ಲಿ ಬಂದರೆ ಮುಂದಿನದರ ಅಲೆಗಳು ಇಳಿವಿನಲ್ಲಿ ಬರುತ್ತವೆ. ಎಲ್ಲ ವಲಯಗಳ ವಿಸ್ತೀರ್ಣವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಕ್ಕಪಕ್ಕದವು ಒಂದನ್ನೊಂದು ಅಳಿಸಿಹಾಕುತ್ತವೆ. ಸರಿಯಾಗಿ ಎರಡು ವಲಯ ಕಂಡರೆ ನಡುಬಿಂದು ಕತ್ತಲು. ಒಂದೇ ಕಂಡರೆ, ರಂಧ್ರವಿರುವ ಅಡ್ಡಗೋಡೆಯನ್ನೇ ತೆಗೆದುಹಾಕಿದಾಗ ಬೀಳುವ ಬೆಳಕಿನ ನಾಲ್ಕು ಪಟ್ಟು! ಅಡ್ಡಗೋಡೆ ಇಟ್ಟದ್ದರಿಂದ ಬೆಳಕು ಹೆಚ್ಚಿತು. ಸಮತಲ ಅಲೆ ಬಿದ್ದ ದುಂಡು ರಂಧ್ರಕ್ಕೆ ನಡುಬಿಂದುವಿನ ತೀವ್ರತೆ 4 sin²(πN/2) ಪಟ್ಟು.

ಇಂಥ ಮಾತನ್ನು ನಂಬಲಾಗದೆ ತಕರಾರು ತೆಗೆದವರಲ್ಲಿ ಪ್ವಾಸೋನ್ ದೊಡ್ಡವರು. ಫ್ರೆಂಚ್ ಅಕಾಡೆಮಿ ವಿವರ್ತನೆಯ ಕುರಿತು ಏರ್ಪಡಿಸಿದ ಸ್ಪರ್ಧೆಗೆ ಫ್ರೆನೆಲ್ 1818ರಲ್ಲಿ ತಮ್ಮ ಪ್ರಬಂಧ ಕೊಟ್ಟರು. ತೀರ್ಪುಗಾರರಲ್ಲಿ ಒಬ್ಬರಾದ ಪ್ವಾಸೋನ್ ಲೆಕ್ಕ ಮುಂದುವರಿಸಿ, ಇದು ನಿಜವಾದರೆ ದುಂಡು ಬಿಲ್ಲೆಯ ನೆರಳಿನ ಪಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕಾಗುತ್ತದೆ, ಅದು ಅಸಂಬದ್ಧ ಎಂದರು. ಆರಾಗೊ ಪ್ರಯೋಗ ಮಾಡಿದರು, ಚುಕ್ಕೆ ಇತ್ತು. 1819ರಲ್ಲಿ ಬಹುಮಾನ ಫ್ರೆನೆಲ್‌ಗೆ ಹೋಯಿತು. ತಮಾಷೆಯೆಂದರೆ, ಆ ಚುಕ್ಕೆಗೆ ಇಂದಿಗೂ ಪ್ವಾಸೋನ್ ಹೆಸರೇ ಅಂಟಿಕೊಂಡಿದೆ.

ದೂರ ಕ್ಷೇತ್ರವೆಂದರೆ ಒಂದನೇ ವಲಯದ ಚೂರು ಭಾಗವಷ್ಟೇ ಕಾಣುವ ಸ್ಥಿತಿ. ಅಂಚು, ನಡು ಎರಡರಿಂದಲೂ ಬರುವ ಅಲೆಗಳು ಒಂದೇ ಹೆಜ್ಜೆಯಲ್ಲಿವೆ ಎಂದು ಫ್ರೌನ್‌ಹೋಫರ್ ಸೂತ್ರ ಊಹಿಸಿಕೊಳ್ಳುತ್ತದೆ. ಈ ಊಹೆಯ ಬೆಲೆ ಎಷ್ಟು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. 650 ನ್ಯಾನೋಮೀಟರ್ ಕೆಂಪು ಲೇಸರ್, 1 ಮಿಲಿಮೀಟರ್ ವ್ಯಾಸದ ರಂಧ್ರ. ತ್ರಿಜ್ಯ 0.5 ಮಿಲಿಮೀಟರ್, ಹಾಗಾಗಿ a²/λ = 38.5 ಸೆಂಟಿಮೀಟರ್. ಈ ಒಂದು ಉದ್ದವನ್ನು ಬರೆದಿಟ್ಟುಕೊಂಡರೆ ಮುಗಿಯಿತು. ಅದನ್ನು ಪರದೆಯ ದೂರದಿಂದ ಭಾಗಿಸಿದರೆ N.

ಪರದೆ 3.85 ಮೀಟರ್‌ನಲ್ಲಿದ್ದರೆ N = 0.1. ಆಗ ಫ್ರೌನ್‌ಹೋಫರ್ ಸೂತ್ರ ನಡುಬಿಂದುವಿನ ಬೆಳಕನ್ನು ತಪ್ಪಾಗಿ ಹೇಳುವುದು ಶೇ. 1ಕ್ಕಿಂತ ಕಡಿಮೆ. 1 ಮೀಟರ್‌ಗೆ ತಂದರೆ N = 0.385, ತಪ್ಪು ಸುಮಾರು ಶೇ. 13. ಅದು 38.5 ಸೆಂಟಿಮೀಟರ್‌ಗೆ ಬಂದಾಗ ಸೂತ್ರ ನಿಜಕ್ಕಿಂತ ಎರಡೂವರೆ ಪಟ್ಟು ಹೇಳುತ್ತದೆ. 19.2 ಸೆಂಟಿಮೀಟರ್‌ನಲ್ಲಂತೂ ಅಲ್ಲಿ ಕಣ್ಣು ಕೋರೈಸುವ ಬೆಳಕಿದೆ ಎನ್ನುತ್ತದೆ, ಇರುವುದು ಕತ್ತಲು. ಹಾಗಾಗಿ N 0.1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಕೆಲಸಕ್ಕೆ ದೂರ ಕ್ಷೇತ್ರ ಸಾಕು. ಆದರೆ ಅಳೆಯಬೇಕಾದದ್ದು ಕತ್ತಲ ಉಂಗುರ ಎಷ್ಟು ಕತ್ತಲು ಎಂಬುದಾದರೆ ಸಾಲದು. ಅಂಚಿನ ಅಲೆ N = 0.1ರಲ್ಲೂ 18 ಡಿಗ್ರಿ ಹಿಂದೆ ಬಿದ್ದಿರುತ್ತದೆ, ಉಂಗುರ ಪೂರ್ತಿ ಕಪ್ಪಾಗುವುದಿಲ್ಲ. ಅಂಥ ಕೆಲಸಕ್ಕೆ 0.01ರ ಹತ್ತಿರ ಹೋಗಬೇಕು.

ಲೆಕ್ಕವಿಲ್ಲದೆ ಕಣ್ಣಲ್ಲೇ ಹೇಳಲೂಬಹುದು. ದೂರ ಕ್ಷೇತ್ರದಲ್ಲಿ ನಡುವಿನ ಬಿಲ್ಲೆಯ ತ್ರಿಜ್ಯ ರಂಧ್ರದ ತ್ರಿಜ್ಯದ 0.61/N ಪಟ್ಟು. N 0.1 ಆದಾಗ ಆರು ಪಟ್ಟು. ಅಂದರೆ ಪರದೆಯ ಮೇಲಿನ ಮಚ್ಚೆ ರಂಧ್ರಕ್ಕಿಂತ ಎಷ್ಟೋ ದೊಡ್ಡದಾಗಿರಬೇಕು, ಪರದೆ ಹಿಂದೆ ಸರಿಸಿದರೆ ಆಕಾರ ಬದಲಾಗದೆ ಗಾತ್ರ ಮಾತ್ರ ಬೆಳೆಯಬೇಕು. ಸರಿಸಿದಂತೆ ಚಿತ್ರವೇ ಬೇರೆಯಾಗುತ್ತಿದ್ದರೆ ನೀವಿನ್ನೂ ಸಮೀಪ ಕ್ಷೇತ್ರದಲ್ಲಿದ್ದೀರಿ.

ಆ ಬದಲಾವಣೆಯನ್ನು ನೋಡಲು ಕಾಗದದ ಪರದೆ ಬೇಡ, ಚಿತ್ರ ಬರೀ 1 ಮಿಲಿಮೀಟರ್ ಅಗಲ. 5 ಸೆಂಟಿಮೀಟರ್ ಸಂಗಮದೂರದ ಪೀನ ಮಸೂರವನ್ನು ರಂಧ್ರದ ಆಚೆ ಇಟ್ಟು ಎರಡೂವರೆ ಮೀಟರ್ ದೂರದ ಗೋಡೆಯ ಮೇಲೆ ಬೀಳಿಸಿದರೆ ಸುಮಾರು 49 ಪಟ್ಟು ಹಿಗ್ಗುತ್ತದೆ. ಮೊದಲು ರಂಧ್ರದ ಅಂಚು ಗೋಡೆಯ ಮೇಲೆ ಚೂಪಾಗಿ ಕಾಣುವಂತೆ ಮಸೂರವನ್ನು ಹೊಂದಿಸಿ. ಆಮೇಲೆ ಮಸೂರವನ್ನು ನಿಧಾನವಾಗಿ ರಂಧ್ರದಿಂದ ದೂರ ಸರಿಸಿ. ನಡುಬಿಂದು ಬೆಳಗುತ್ತದೆ, ಕಪ್ಪಾಗುತ್ತದೆ, ಮತ್ತೆ ಬೆಳಗುತ್ತದೆ. ಕಣ್ಣು ಮಿಟುಕಿಸಿದಂತಿರುವ ಈ ಆಟದಲ್ಲಿ ಕೊನೆಯ ಕಪ್ಪು N = 2, ಅದರಾಚೆ ಬರುವ ಬೆಳಕಿನ ಗರಿಷ್ಠ N = 1. ಅಲ್ಲಿಂದ ಮುಂದೆ ನಡು ಎಂದೂ ಕಪ್ಪಾಗದು. ನೆನಪಿಡಬೇಕಾದದ್ದು, ಗೋಡೆಯ ಮೇಲೆ ಕಾಣುವುದು ಗೋಡೆಯಿರುವ ದೂರದ ಚಿತ್ರವಲ್ಲ, ಮಸೂರಕ್ಕಿಂತ 5.1 ಸೆಂಟಿಮೀಟರ್ ಹಿಂದಿನ ತಲದ ಚಿತ್ರ. L ಅಳೆಯಬೇಕಾದದ್ದು ಆ ತಲಕ್ಕೆ.

ಇಲ್ಲಿ ಲೆಕ್ಕ ಕೈಕೊಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕುವುದು. ವರ್ಗ ಇರುವುದರಿಂದ ತಪ್ಪು ನಾಲ್ಕು ಪಟ್ಟಾಗುತ್ತದೆ. ಸೂಜಿಯಿಂದ ಅಲ್ಯೂಮಿನಿಯಂ ಹಾಳೆಗೆ ಚುಚ್ಚಿದ ರಂಧ್ರ ಶೇ. 10 ದೊಡ್ಡದಾದರೂ ಕಪ್ಪು ಚುಕ್ಕೆ 19.2ರ ಬದಲು 23 ಸೆಂಟಿಮೀಟರ್ ಆಚೆ ಸಿಗುತ್ತದೆ.

ಇನ್ನೊಂದು ಹೆಚ್ಚು ಕಿತಾಪತಿಯದು. ಮೇಲಿನ ಸೂತ್ರ ರಂಧ್ರದ ಮೇಲೆ ಸಮತಲ ಅಲೆ ಬೀಳುತ್ತಿದೆ ಎಂದುಕೊಂಡಿದೆ. ಲೇಸರ್ ಕಿರಣ ರಂಧ್ರವನ್ನು ಒಂದೇ ಸಮನೆ ತುಂಬಲಿ ಎಂದು ನಾವು ಚಿಕ್ಕ ಮಸೂರವೊಂದರಿಂದ ಅದನ್ನು ಹರಡುತ್ತೇವೆ. ಆಗ ಬೆಳಕು R ದೂರದ ಬಿಂದುವಿನಿಂದ ಹರಡುತ್ತಾ ಬರುತ್ತದೆ, ಸೂತ್ರ ಹೀಗಾಗುತ್ತದೆ:

N = (a²/λ)(1/L + 1/R)

R 2 ಮೀಟರ್ ಎನ್ನಿ. ಕೊನೆಯ ಕಪ್ಪು ಚುಕ್ಕೆ 19.2ರಿಂದ 21.3 ಸೆಂಟಿಮೀಟರ್‌ಗೆ ಜರುಗುತ್ತದೆ. ಇದು ಸಣ್ಣ ವಿಷಯ. ದೊಡ್ಡದು ಮುಂದಿದೆ: ಪರದೆಯನ್ನು ಊರಾಚೆ ಒಯ್ದರೂ 1/R ಉಳಿದೇ ಇರುವುದರಿಂದ N 0.19ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಎಷ್ಟು ದೂರ ಹೋದರೂ ದೂರ ಕ್ಷೇತ್ರ ಪೂರ್ತಿ ಸಿಗದು! ಉಪಾಯವೂ ಇದೇ ಸೂತ್ರದಲ್ಲಿದೆ. ರಂಧ್ರದ ಬಳಿ ಪೀನ ಮಸೂರವಿಟ್ಟು ಅಲೆಯನ್ನು ಒಳಮುಖವಾಗಿ ಬಾಗಿಸಿದರೆ R ಋಣವಾಗುತ್ತದೆ. ಅಲೆ ಕೂಡುವ ಬಿಂದುವಿನಲ್ಲಿ L ಮತ್ತು R ಒಂದನ್ನೊಂದು ಕಳೆದು N ಸೊನ್ನೆ. ದೂರ ಕ್ಷೇತ್ರ ಮೇಜಿನ ಮೇಲೆಯೇ ಬಂದು ಕೂತಿತು.

ಕಾಲೇಜಿನ ಸ್ಪೆಕ್ಟ್ರೋಮೀಟರ್‌ಗೆ ಕೊಲಿಮೇಟರೂ ದೂರದರ್ಶಕವೂ ಇರುವುದು ಇದಕ್ಕೆ. ಗ್ರೇಟಿಂಗ್‌ನ ಒಂದೊಂದು ಗೀರು ಸೂಕ್ಷ್ಮ, ಹಾಗಾಗಿ ಕೆಲವೇ ಸೆಂಟಿಮೀಟರ್ ಸಾಕು ಎಂದು ಅನಿಸಬಹುದು. ಆದರೆ a ಎಂದರೆ ಗೀರಿನ ಅಗಲವಲ್ಲ, ಬೆಳಕು ಬಿದ್ದ ಇಡೀ ಅಗಲದ ಅರ್ಧ. 1 ಸೆಂಟಿಮೀಟರ್ ಗ್ರೇಟಿಂಗ್ ಬೆಳಗಿದ್ದರೆ a²/λ 38 ಮೀಟರ್, N ಅನ್ನು 0.1ಕ್ಕೆ ಇಳಿಸಲು 380 ಮೀಟರ್ ಉದ್ದದ ಪ್ರಯೋಗಾಲಯ ಬೇಕು. ದೂರದರ್ಶಕವನ್ನು ಅನಂತಕ್ಕೆ ಹೊಂದಿಸದೆ ಕೂತವರಿಗೆ ರೇಖೆಗಳು ಮಸುಕಾಗಿ ಕಾಣುವುದು, ಕಳೆಯಬೇಕಾಗಿದ್ದ N ಕಳೆಯದೆ ಉಳಿದದ್ದರಿಂದ.

ರೇಡಿಯೊ ಅಲೆಗಳಿಗೂ ಇದೇ ಲೆಕ್ಕ. ಆಂಟೆನಾದವರು ದೂರ ಕ್ಷೇತ್ರದ ಆರಂಭ 2D²/λ ಎನ್ನುತ್ತಾರೆ, D ಡಿಶ್‌ನ ವ್ಯಾಸ. ಬೇರೆ ನಿಯಮದಂತೆ ಕಂಡರೂ a = D/2 ಎಂದು ಹಾಕಿ ನೋಡಿದರೆ ಅದು N = 1/8, ಅಂಚಿನಲ್ಲಿ λ/16ರಷ್ಟು ದಾರಿ ವ್ಯತ್ಯಾಸ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ. 8.4 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 3.57 ಸೆಂಟಿಮೀಟರ್, ಹಾಗಾಗಿ 2D²/λ ಸುಮಾರು 57 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಅಲ್ಲಿಂದ ತುಮಕೂರಿಗೆ ಹಕ್ಕಿ ಹಾರುವಷ್ಟು ದೂರ. ಇಂಥ ಗಾತ್ರದ ಡಿಶ್ ಅನ್ನು 10 ಕಿಲೋಮೀಟರ್ ಆಚೆಯ ಗೋಪುರದ ಮೇಲೆ ಪ್ರೇಷಕವಿಟ್ಟು ಪರೀಕ್ಷಿಸಿದರೆ N 0.72. ಡಿಶ್ ಸಮವಾಗಿ ಬೆಳಗಿದೆ ಎಂದುಕೊಂಡರೆ, ನೇರ ದಿಕ್ಕಿನ ಸಂಕೇತ ಇರಬೇಕಾದದ್ದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆ ಬರುತ್ತದೆ, ಪಕ್ಕದ ದಿಕ್ಕುಗಳಲ್ಲಿ ಸೊನ್ನೆಯಾಗಬೇಕಾದ ಕಡೆ ಏನೋ ಸಂಕೇತ ಇಣುಕುತ್ತದೆ. ಡಿಶ್‌ನ ಮೇಲ್ಮೈ ಸೊಟ್ಟಗಿದೆಯೇನೋ ಎಂಬ ಅನುಮಾನ ಮೊದಲು ಬರುವುದು ಸಹಜ. ಲೋಹ ನೆಟ್ಟಗೇ ಇರುತ್ತದೆ. ಗೋಪುರದಿಂದ ಡಿಶ್‌ನ ಅಂಚಿಗೆ, ನಡುವಿಗಿಂತ 13 ಮಿಲಿಮೀಟರ್ ಹೆಚ್ಚು ದೂರ, ಅಷ್ಟೇ.